ಕ್ಲೌಡ್ ಬಿಲ್ಲಿನಲ್ಲಿ ‘ಪ್ರಮಾಣ: 1’ ಎಂದಿದ್ದರೆ ದಯವಿಟ್ಟು ಹಣ ಕಟ್ಟಬೇಡಿ

ಜೂನ್ ತಿಂಗಳ ಕ್ಲೌಡ್ ಬಿಲ್ಲಿನಲ್ಲಿ ಸ್ಟೋರೇಜಿಗೆ ಇದ್ದದ್ದು ಒಂದೇ ಸಾಲು: ‘ಬ್ಲಾಕ್ ಸ್ಟೋರೇಜ್ ಬಳಕೆ, ಪ್ರಮಾಣ 1’, ಅದರ ಮುಂದೆ ಮೊತ್ತ. ಯಾವ ಡಿಸ್ಕ್, ಎಷ್ಟು ಗಂಟೆ, ಯಾವ ದರ ಎಂಬುದೊಂದೂ ಇರಲಿಲ್ಲ. ಮೊತ್ತ ಹೆಚ್ಚಾಗಿ ಕಂಡಿತು. ಡಿಸ್ಕನ್ನು ತಡವಾಗಿ ಅಳಿಸಿದ್ದೀರಿ ಎಂದು ನಾನು ಸಹೋದ್ಯೋಗಿಯನ್ನೇ ಗದರಿದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ, ಏಕೆಂದರೆ ಅವರು ಹೇಳಿದ ದಿನವೇ ಅಳಿಸಿದ್ದರು.

ನಮ್ಮ 500 ಜಿಬಿ ಡಿಸ್ಕ್ ಇದ್ದದ್ದು ಜೂನ್ 7ರಿಂದ 16ರವರೆಗೆ, ಅಂದರೆ 240 ಗಂಟೆ. ಒಂದು ಜಿಬಿ ಇಡೀ ತಿಂಗಳು ಇದ್ದರೆ ಅದು ಒಂದು ಜಿಬಿ-ತಿಂಗಳು. ಜೂನ್ ತಿಂಗಳಿಗೆ 720 ಗಂಟೆಯಾದ್ದರಿಂದ 500ನ್ನು 240ರಿಂದ ಗುಣಿಸಿ 720ರಿಂದ ಭಾಗಿಸಿದರೆ ಸುಮಾರು 166.67 ಜಿಬಿ-ತಿಂಗಳು ಬರಬೇಕು. ಮೊತ್ತವನ್ನು ದರದಿಂದ ಭಾಗಿಸಿ ನೋಡಿದರೆ ಕ್ಲೌಡ್ ಕಂಪನಿಯವರು ಹಾಕಿದ್ದು 216.67.

ಕೇಳಿದ್ದಕ್ಕೆ ಬಂದ ಮೊದಲ ಉತ್ತರ, ‘ಮೀಟರ್ ತೋರಿಸಿದಷ್ಟೇ ಬಿಲ್ ಮಾಡಲಾಗಿದೆ.’ ಎರಡನೆಯದೂ ಅದೇ. ಮೂರನೇ ಬಾರಿ ಹಟ ಹಿಡಿದ ಮೇಲೆ ಮೂಲ ದಾಖಲೆಗಳ ಫೈಲ್ ಕಳಿಸಿದರು. ಅದರಲ್ಲಿ ಗಂಟೆಗೊಂದರಂತೆ 240 ಸಾಲುಗಳಿರಬೇಕಾದ ಕಡೆ 312 ಇದ್ದವು. ಜೂನ್ 14ರಿಂದ ಮೂರು ದಿನ ಪ್ರತಿ ಗಂಟೆಯೂ ಎರಡೆರಡು ಬಾರಿ ಇತ್ತು:

```
record_id,resource_id,meter,start,quantity
a91f,vol-7,storage_gb_hour,2024-06-14T03:00Z,500
c20d,vol-7,storage_gb_hour,2024-06-14T03:00Z,500
```

ಒಂದೇ ಡಿಸ್ಕ್, ಒಂದೇ ಗಂಟೆ, ಎರಡು ಸಾಲು! ಇದನ್ನು ತೋರಿಸಿದಾಗ ಬಂದ ಉತ್ತರವೇ ನನ್ನನ್ನು ಕೆರಳಿಸಿದ್ದು: ‘ದಾಖಲೆ ಸಂಖ್ಯೆಗಳು ಬೇರೆ ಬೇರೆ ಇರುವುದರಿಂದ ಇವು ಬೇರೆ ಬೇರೆ ಬಳಕೆಗಳು.’ ಒಂದು ಡಿಸ್ಕ್ ಒಂದು ಗಂಟೆಯಲ್ಲಿ ಎರಡು ಗಂಟೆ ಇರುವುದು ಹೇಗೆ? ಕೊನೆಗೆ ಅವರ ಎಂಜಿನಿಯರ್ ಒಬ್ಬರು ನಿಜ ಹೇಳಿದರು. ಮೀಟರಿಂಗ್ ಸರ್ವರಿನಿಂದ ಸ್ವೀಕೃತಿ ಬರದಿದ್ದಾಗ, ಎಣಿಕೆ ಕಳಿಸುವ ಪ್ರೋಗ್ರಾಂ ಅದೇ ದಾಖಲೆಯನ್ನು ಮತ್ತೆ ಕಳಿಸುತ್ತದೆ, ಆದರೆ ಪ್ರತಿ ಬಾರಿಯೂ ಹೊಸ ಸಂಖ್ಯೆ ಕೊಡುತ್ತದೆ. ನಕಲು ತೆಗೆಯುವ ಹಂತ ಆ ಸಂಖ್ಯೆಯನ್ನಷ್ಟೇ ಹೋಲಿಸುತ್ತಿತ್ತು. ಡಿಸ್ಕ್, ಮೀಟರ್, ಆರಂಭದ ಸಮಯ ಈ ಮೂರನ್ನೂ ಸೇರಿಸಿ ಹೋಲಿಸಿದ್ದರೆ ಎರಡನೇ ಸಾಲು ಅಲ್ಲೇ ಬಿದ್ದುಹೋಗುತ್ತಿತ್ತು.

ಬಿಲ್ಲಿನಲ್ಲಿ ‘vol-7, 500 ಜಿಬಿ, ಜೂನ್ 7–16, 312 ಗಂಟೆ’ ಎಂದು ಬರೆದಿದ್ದರೂ ಸಾಕಿತ್ತು. ಹತ್ತು ದಿನಕ್ಕೆ 312 ಗಂಟೆ ಇರುವುದಿಲ್ಲವೆಂದು ಯಾರಿಗಾದರೂ ತಕ್ಷಣ ತಿಳಿಯುತ್ತಿತ್ತು. ಎಲ್ಲವನ್ನೂ ಕೂಡಿಸಿ ‘1’ ಎಂದು ಬರೆದದ್ದರಿಂದಲೇ ತಪ್ಪು ಮುಚ್ಚಿಹೋಯಿತು.

ಸಾಲುಸಾಲಾಗಿ ವಿವರ ಕೊಡದವರಿಗೆ ಹಣ ಕಟ್ಟುವ ಮುನ್ನ ಮೂಲ ದಾಖಲೆ ಕೇಳಿ, ಒಂದೊಂದು ಡಿಸ್ಕಿನ ಗಂಟೆಗಳನ್ನು ಎಣಿಸಿ. ಆ ಫೈಲನ್ನು ಪ್ರತಿ ತಿಂಗಳೂ ಇಳಿಸಿಟ್ಟುಕೊಳ್ಳಿ. ನಮಗೆ ಜೂನ್ ತಿಂಗಳ ಹೆಚ್ಚುವರಿ ಹಣ ಮಾತ್ರ ಮರಳಿತು. ಏಪ್ರಿಲ್, ಮೇ ತಿಂಗಳುಗಳದ್ದನ್ನು ಕೇಳಿದರೆ, ‘ಆ ದಾಖಲೆಗಳನ್ನು ಅಳಿಸಲಾಗಿದೆ, ಆದ್ದರಿಂದ ಪರಿಶೀಲಿಸಲು ಸಾಧ್ಯವಿಲ್ಲ’ ಎಂದು ಬರೆದು ದೂರನ್ನು ಮುಚ್ಚಿಬಿಟ್ಟರು.