ದುಬೈನಿಂದ ಊರಿಗೆ ಟಿಕೆಟ್ ಮಾಡುವ ಮೊದಲು ನಿಮ್ಮ ಹೆಸರಲ್ಲಿ ಟ್ರಾವೆಲ್ ಬ್ಯಾನ್ ಇದೆಯಾ ನೋಡಿ

ತಂಗಿಯ ಮದುವೆಗೆ ಹೊರಟಿದ್ದೆವು. ಲಗೇಜ್ ಒಳಗೆ ಹೋಗಿತ್ತು, ಬೋರ್ಡಿಂಗ್ ಪಾಸ್ ಕೈಯಲ್ಲಿತ್ತು. ಇಮಿಗ್ರೇಷನ್ ಕೌಂಟರ್‌ನಲ್ಲಿ ಹೆಂಡತಿ, ಮಗಳ ಪಾಸ್‌ಪೋರ್ಟ್ ವಾಪಸ್ ಬಂತು. ನನ್ನದನ್ನು ಆಫೀಸರ್ ಕೆಳಗಿಡಲಿಲ್ಲ. ಸ್ಕ್ರೀನ್ ನೋಡಿದರು, ಮತ್ತೆ ಏನೋ ಟೈಪ್ ಮಾಡಿದರು. ಆಮೇಲೆ ಪಕ್ಕದ ರೂಮು ತೋರಿಸಿದರು. "ನಿಮ್ಮ ಮೇಲೆ ಟ್ರಾವೆಲ್ ಬ್ಯಾನ್ ಇದೆ" ಅಂದಾಗ ನಾನು ನಂಬಲೇ ಇಲ್ಲ.

ಅದು ಹಳೆಯ ಕ್ರೆಡಿಟ್ ಕಾರ್ಡ್ ಬಾಕಿ. ಕೆಲಸ ಬಿಟ್ಟಾಗ 7,400 ದಿರ್ಹಂ ಉಳಿದಿತ್ತು. ಆಮೇಲೆ ಕಟ್ಟಿದರಾಯ್ತು ಅಂತ ಬಿಟ್ಟೆ. ಬಡ್ಡಿ, ಲೇಟ್ ಫೀ ಸೇರಿ ಅದು 13,000 ದಾಟಿತ್ತು. ಇಲ್ಲಿನ ಕಾನೂನಿನಲ್ಲಿ ಸಾಲ 10,000 ದಿರ್ಹಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಟ್ರಾವೆಲ್ ಬ್ಯಾನ್ ಕೇಳುವ ಹಾಗಿಲ್ಲ. ನನ್ನ ಬಾಕಿ ಆ ಗೆರೆ ದಾಟಿದ್ದು ಬಡ್ಡಿಯಿಂದಲೇ. ಬ್ಯಾಂಕ್ ಕೋರ್ಟಿಗೆ ಹೋಯಿತು, ಬಾಕಿ ವಸೂಲಿಗೆ ಎಕ್ಸಿಕ್ಯೂಷನ್ ಕೇಸ್ ಆಯಿತು, ಬ್ಯಾನ್ ಬಿತ್ತು. ನೋಟಿಸ್ ಹೋಗಿದ್ದು ನಾನು ಬಿಟ್ಟುಬಿಟ್ಟಿದ್ದ ಹಳೇ ಮೊಬೈಲ್ ನಂಬರಿಗೆ. ನಡುವೆ ವೀಸಾ ರಿನ್ಯೂ ಸಹ ಆಗಿತ್ತು. ಅದಕ್ಕೇ ಏನೂ ಇಲ್ಲ ಅಂದುಕೊಂಡಿದ್ದೆ. ವೀಸಾ ಆಯಿತು ಅಂದರೆ ದಾರಿ ಕ್ಲಿಯರ್ ಅಂತ ದಯವಿಟ್ಟು ತಿಳಿಯಬೇಡಿ.

ಹೆಂಡತಿ, ಮಗಳನ್ನು ಕಳಿಸಿ ನಾನು ಒಬ್ಬನೇ ಮನೆಗೆ ಬಂದೆ.

ಮರುದಿನ ಬೆಳಿಗ್ಗೆಯೇ ಪೂರ್ತಿ ದುಡ್ಡು ಕಟ್ಟಿದೆ. ರಸೀದಿ ಹಿಡಿದು ಸಂಜೆಯೇ ಹಾರಬಹುದು ಅಂದುಕೊಂಡಿದ್ದೆ. ಹಾಗಾಗಲಿಲ್ಲ. ಬ್ಯಾಂಕಿಗೆ ದುಡ್ಡು ಮುಟ್ಟಿದ್ದು ಒಂದು, ಕೋರ್ಟ್ ಫೈಲ್ ಮುಚ್ಚಿ ಬ್ಯಾನ್ ತೆಗೆದಿದ್ದು ಇಮಿಗ್ರೇಷನ್ ಸಿಸ್ಟಮ್‌ಗೆ ಮುಟ್ಟುವುದು ಇನ್ನೊಂದು. ಬ್ಯಾಂಕಿನ ಕ್ಲಿಯರೆನ್ಸ್ ಲೆಟರ್‌ಗೇ ಎರಡು ದಿನ ಹಿಡಿಯಿತು. ನಡುವೆ ವಾರದ ರಜೆ ಬಂತು. ಮದುವೆಯನ್ನು ಫೋನಿನಲ್ಲಿ ನೋಡಿದೆ.

ನೋಡುವುದು ಕಷ್ಟವೇನಲ್ಲ. ದುಬೈ ಪೊಲೀಸ್ ಆ್ಯಪ್‌ನಲ್ಲಿ Criminal Status of Financial Cases ಅಂತ ಇದೆ, ಎಮಿರೇಟ್ಸ್ ಐಡಿ ಸಾಕು. ಆದರೆ ಅಲ್ಲಿ ಏನೂ ಕಾಣದಿದ್ದರೆ ಅಷ್ಟಕ್ಕೇ ನಿಲ್ಲಿಸಬೇಡಿ. ಅದು ದುಬೈ ಕೇಸುಗಳಿಗೆ ಮಾತ್ರ. ನನ್ನ ಹಾಗೆ ಸಿವಿಲ್ ಕೋರ್ಟಿನ ಎಕ್ಸಿಕ್ಯೂಷನ್ ಇದ್ದರೆ ದುಬೈ ಕೋರ್ಟ್ಸ್‌ನಲ್ಲಿ ಬೇರೆ ಹುಡುಕಬೇಕು. ಅಬುಧಾಬಿಗೆ ಅಲ್ಲಿನ ನ್ಯಾಯಾಂಗ ಇಲಾಖೆಯ Estafser ಅನ್ನುವ ಆನ್‌ಲೈನ್ ಸೇವೆ ಇದೆ. ಮೊದಲು ಬೇರೆ ಎಮಿರೇಟ್‌ನಲ್ಲಿ ಇದ್ದಿರಾ, ಅಲ್ಲಿ ಸಾಲ ಮಾಡಿದ್ರಾ? ಹಾಗಿದ್ದರೆ ಅಲ್ಲಿನ ಕೋರ್ಟಿನಲ್ಲೂ ವಿಚಾರಿಸಿ. ಕೇಸ್ ಒಂದು ಕಡೆ ಇದ್ದರೂ ಬ್ಯಾನ್ ಬಿದ್ದ ಮೇಲೆ ಯಾವ ಏರ್‌ಪೋರ್ಟಿನಿಂದಲೂ ಬಿಡುವುದಿಲ್ಲ.

ಹಳೇ ಕಾರ್ಡ್ ಇದ್ದವರು ಬ್ಯಾಂಕಿಗೆ ಹೋಗಿ ಈಗಿನ ಬಾಕಿ ಎಷ್ಟು ಅಂತ ಬರೆಸಿಕೊಳ್ಳಿ, ಈಗಿನ ಮೊಬೈಲ್ ನಂಬರ್ ಕೊಡಿ. ಟಿಕೆಟ್ ಮಾಡುವ ಎರಡು ಮೂರು ವಾರ ಮೊದಲೇ ಇದೆಲ್ಲ ನೋಡಿ. ಏನಾದರೂ ಸಿಕ್ಕಿದರೆ ಕಟ್ಟಿ ಫೈಲ್ ಮುಚ್ಚಿಸಲು ಅಷ್ಟು ದಿನ ಬೇಕೇ ಬೇಕು.