ಆರು ವರ್ಷ, ನಾಲ್ಕು ಎಕ್ಸ್‌ಚೇಂಜ್: ಬಾಗಿಲಿಗೆ ಬಂದಾಗ ರೇಟ್ ಇಳಿಯುವ ಕಥೆ

ಬಾಗಲಕೋಟೆ ನವನಗರದಲ್ಲಿ ನಮ್ಮ ಮನೆ. ಆರು ವರ್ಷದಲ್ಲಿ ನಾಲ್ಕು ಸಲ ಆನ್‌ಲೈನ್‌ನಲ್ಲಿ ಹಳೆ ಫೋನ್ ಕೊಟ್ಟು ಹೊಸದು ತಗೊಂಡಿದ್ದೇನೆ. ಎಲ್ಲವೂ ಒಂದೇ ಸೈಟ್‌ನಲ್ಲಿ. ಎರಡು ಸಲ ಏನೂ ತೊಂದರೆ ಆಗಲಿಲ್ಲ, ಎರಡು ಸಲ ಬಾಗಿಲಲ್ಲೇ ಬೆಲೆ ಇಳಿಯಿತು.

ಮೂರನೇ ಸಲದ್ದು ನನ್ನದೇ ತಪ್ಪು. ಹೊಸ ಡಬ್ಬಿ ಕೈಗೆ ಬಂದ ಖುಷಿಯಲ್ಲಿ ಮೊದಲು ಒಟಿಪಿ ಹೇಳಿಬಿಟ್ಟೆ. ಎಷ್ಟು ಕಡಿತ ಆಗಿದೆ ಅಂತ ನೋಡಿದ್ದು ಆಮೇಲೆ. ಕಸ್ಟಮರ್ ಕೇರ್‌ನವರು ಹಳೆ ಫೋನಿನ ಫೋಟೋ ಕೇಳಿದರು. ಫೋನ್ ಅಷ್ಟೊತ್ತಿಗೆ ಡೆಲಿವರಿ ಹುಡುಗನ ಚೀಲ ಸೇರಿತ್ತು, ಫೋಟೋ ನಾನು ತೆಗೆದೇ ಇರಲಿಲ್ಲ. ಅಲ್ಲಿಗೆ ಮುಗಿಯಿತು.

ನಾಲ್ಕನೇ ಸಲ ಹುಷಾರಾಗಿದ್ದೆ. ಹೊಸ ಫೋನ್ ಬೆಲೆ 18,999. ಹಳೆಯದಕ್ಕೆ 7,400, ಅದರ ಮೇಲೆ ಎಕ್ಸ್‌ಚೇಂಜ್ ಬೋನಸ್ 1,500. ಅಂದರೆ ನಾನು ಕೊಡಬೇಕಿದ್ದದ್ದು 10,099. ಡೆಲಿವರಿ ಹುಡುಗ ಬಂದ, `*#06#` ಒತ್ತಿಸಿ ಐಎಂಇಐ ಹೊಂದಿಸಿದ, ಆ್ಯಪ್‌ನಲ್ಲಿ ಒಂದೊಂದೇ ಪ್ರಶ್ನೆಗೆ ಟಿಕ್ ಹಾಕುತ್ತ ಹೋದ. ಕೊನೆಗೆ ಬಂದ ಅಂಕಿ 4,100. ಬೋನಸ್ ಉಳಿದಿತ್ತು, ಆದರೂ 3,300 ಜಾಸ್ತಿ ಕೊಡಬೇಕಾಯಿತು.

"ಸರ್, ನನ್ನ ಕೈಯಾಗ ಏನೂ ಇಲ್ರಿ. ಆ್ಯಪ್ ಹೇಳಿದ್ದ ರೇಟ್" ಅಂದ. ಅವನು ಹೇಳಿದ್ದು ಅರ್ಧ ನಿಜ. ಲೆಕ್ಕ ಮಾಡುವುದು ಆ್ಯಪ್. ಆದರೆ ಆ್ಯಪ್‌ಗೆ ಉತ್ತರ ಕೊಡುವವನು ಅವನೇ. ಹಾಗಾಗಿ ರೇಟ್ ಬಗ್ಗೆ ಜಗಳ ಮಾಡಿ ಉಪಯೋಗವಿಲ್ಲ, ಯಾವ ಪ್ರಶ್ನೆಗೆ ಏನು ಒತ್ತಿದ ಅಂತ ಕೇಳಬೇಕು. ಕೇಳಿದೆ, ತೋರಿಸಿದ. ಎರಡು ಕಡೆ ದೋಷ ಹಾಕಿದ್ದ: ಸ್ಕ್ರೀನ್ ಮೇಲೆ ಗೀರು, ಡಿಸ್‌ಪ್ಲೇಯಲ್ಲಿ ಕಲೆ.

"ತಮ್ಮಾ, ಗಾರ್ಡ್ ತಗದು ನೋಡೋಣ ತಡಿ" ಅಂದೆ. ಟೆಂಪರ್ಡ್ ಗ್ಲಾಸ್ ಕಿತ್ತರೆ ಗೀರು ಅದರ ಜೊತೆಗೇ ಹೋಯಿತು. ಒಳಗಿನ ಗಾಜು ಚೊಕ್ಕ ಇತ್ತು. ಕಲೆ ಮಾತ್ರ ನಿಜವಾಗಿತ್ತು. ಬ್ರೈಟ್‌ನೆಸ್ ಪೂರ್ತಿ ಏರಿಸಿ ಬಿಳಿ ಪರದೆ ಹಾಕಿದರೆ ಕೆಳಗಿನ ಅಂಚಿನಲ್ಲಿ ತಿಳಿ ಗುಲಾಬಿ ನೆರಳು. ದಿನಾ ಬಳಸುವ ನನಗೇ ಅದು ಕಂಡಿರಲಿಲ್ಲ. ಆರ್ಡರ್ ಮಾಡುವಾಗ "ಕಲೆ ಇಲ್ಲ" ಅಂತ ಒತ್ತಿದ್ದೆ, ಅದಕ್ಕೆ ಅವನನ್ನು ಬೈದು ಏನು ಬಂತು? ಹುಡುಗ ತಪಾಸಣೆ ಮತ್ತೆ ಶುರು ಮಾಡಿದ. ಈ ಸಲ 6,200 ಬಂತು. ಕೊಟ್ಟಿದ್ದು 11,299.

ಒಪ್ಪುವ ಮುಂಚೆ ಇನ್ನೊಂದು ಲೆಕ್ಕ ತಲೆಯಲ್ಲಿತ್ತು. ಹಿಂದಿನ ದಿನ ಪೇಟೆಯ ಮೊಬೈಲ್ ಅಂಗಡಿಯಲ್ಲಿ ಕೇಳಿಟ್ಟಿದ್ದೆ, ಅದೇ ಫೋನಿಗೆ 5,500 ನಗದು ಅಂದಿದ್ದರು. 4,100ಕ್ಕೆ ಬೋನಸ್ ಸೇರಿಸಿದರೆ 5,600. ಅಂದರೆ ಎಕ್ಸ್‌ಚೇಂಜ್ ಬಿಟ್ಟು ಪೂರ್ತಿ ದುಡ್ಡು ಕೊಟ್ಟು, ಹಳೆಯದನ್ನು ಅಂಗಡಿಗೆ ಮಾರಿದ್ದರೂ ನೂರೇ ರೂಪಾಯಿ ವ್ಯತ್ಯಾಸ. ಅವ್ವನಿಗೆ ಕೊಟ್ಟಿದ್ದರೂ ಆಗುತ್ತಿತ್ತು. 6,200 ಬಂದ ಮೇಲೆ ಬೋನಸ್ ಸೇರಿ 7,700 ಆಯಿತು, ಹಾಗಾಗಿ ಕೊಟ್ಟುಬಿಟ್ಟೆ.

ಈ ಸೈಟ್‌ನಲ್ಲಿ ಬಾಗಿಲ ಹತ್ತಿರ ಮೂರು ದಾರಿ ಇವೆ: ವ್ಯತ್ಯಾಸ ಕೊಡುವುದು, ಎಕ್ಸ್‌ಚೇಂಜ್ ಬಿಟ್ಟು ಪೂರ್ತಿ ಬೆಲೆ ಕೊಡುವುದು, ಆರ್ಡರನ್ನೇ ವಾಪಸ್ ಕಳಿಸುವುದು. ಮೂರೂ ಒಟಿಪಿ ಹೇಳುವವರೆಗೆ ಮಾತ್ರ. ಎಕ್ಸ್‌ಚೇಂಜ್ ಬಿಟ್ಟರೆ ಬೋನಸ್ಸೂ ಹೋಗುತ್ತದೆ, ಅದು ನೆನಪಿರಲಿ. ಫೋನ್ ರೀಸೆಟ್ ಕೂಡ ರೇಟ್ ಒಪ್ಪಿದ ಮೇಲೇ ಮಾಡಿ. ಅದಕ್ಕೂ ಮುಂಚೆ ಗೂಗಲ್ ಖಾತೆ ತೆಗೆದಿರಬೇಕು, ಇಲ್ಲದಿದ್ದರೆ ರೀಸೆಟ್ ಆದ ಮೇಲೂ ಫೋನ್ ಹಳೆ ಪಾಸ್‌ವರ್ಡ್ ಕೇಳುತ್ತ ಕೂರಬಹುದು. ಹುಡುಗನಿಗೆ ಮುಂದಿನ ಮನೆಗೆ ಹೋಗುವ ಅವಸರ. ಅವನು ಕಾಯುವುದಿಲ್ಲ.

ಹುಡುಗ ಮತ್ತೆ ತಪಾಸಣೆ ಮಾಡಲು ಒಪ್ಪದಿದ್ದರೆ? ಅವನ ಪರದೆಯ ಫೋಟೋ, ನಿಮ್ಮ ಫೋನಿನ ವಿಡಿಯೋ ತಗೊಳ್ಳಿ. ಐಎಂಇಐ, ಬಿಳಿ ಪರದೆ, ನಾಲ್ಕೂ ಅಂಚು ಕಾಣಲಿ. ಆಮೇಲೆ ಆ್ಯಪ್‌ನಲ್ಲಿ ದೂರು ಹಾಕಿ, ಸೈಟ್‌ನ ಕುಂದುಕೊರತೆ ಅಧಿಕಾರಿಗೂ ಬರೆಯಿರಿ. 2020ರ ಇ-ಕಾಮರ್ಸ್ ನಿಯಮದ ಪ್ರಕಾರ ಅವರು 48 ಗಂಟೆಯೊಳಗೆ ದೂರು ಬಂದಿದೆ ಅಂತ ತಿಳಿಸಬೇಕು, ಒಂದು ತಿಂಗಳಲ್ಲಿ ಬಗೆಹರಿಸಬೇಕು. ಅಲ್ಲೂ ಆಗದಿದ್ದರೆ 1915, ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆದರೆ ಕಲೆ ನಿಜವಾಗಿಯೂ ಇದ್ದು ನೀವು "ಇಲ್ಲ" ಅಂದಿದ್ದರೆ ಇವುಗಳಿಂದ ಏನೂ ಸಿಗುವುದಿಲ್ಲ.

ಹೊಸ ಫೋನಿಗೆ ಈಗ ಎಂಟು ತಿಂಗಳು, ಚೆನ್ನಾಗಿದೆ. ಸೇವೆಗೆ ಐದಕ್ಕೆ ಮೂರು ಸ್ಟಾರ್. ಒಂದು ಕಳೆದದ್ದು ಗಾರ್ಡ್ ತೆಗೆಯದೇ ಗೀರು ಅಂತ ಟಿಕ್ ಹಾಕಿದ್ದಕ್ಕೆ. ಇನ್ನೊಂದು, ಆ ಗುಲಾಬಿ ನೆರಳು ಕಾಣಬೇಕಾದರೆ ಬಿಳಿ ಪರದೆ ಹಾಕಿ ನೋಡಿ ಅಂತ ಆರ್ಡರ್ ಮಾಡುವಾಗ ಎಲ್ಲೂ ಹೇಳದೇ ಇದ್ದದ್ದಕ್ಕೆ.