ಉದ್ರಿ ದಿನಗಳ ಲೆಕ್ಕಕ್ಕೆ ಗೂಗಲ್ ಶೀಟ್ಸ್: 5ಕ್ಕೆ 4

ದಾವಣಗೆರೆಯ ಅಕ್ಕಿ ಗಿರಣಿಗಳಿಗೆ ಬೆಲ್ಟು, ಬೇರಿಂಗ್ ಕೊಡುವ ಸಣ್ಣ ಅಂಗಡಿಯ ವಸೂಲಿ ಲೆಕ್ಕವನ್ನು ಬಹಳ ಕಾಲದಿಂದ ಇದರಲ್ಲೇ ಇಟ್ಟಿದ್ದೇವೆ. ಯಾವ ಪಾರ್ಟಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತದೆ ಎಂದು ತಿಳಿಯಲು ಇಷ್ಟು ಸಾಕು. ಸಾಲು ಹಾಕುವ ಕ್ರಮ ಮಾತ್ರ ಸರಿಯಿರಬೇಕು.

ಬಿಲ್ಲಿಗೊಂದು ಸಾಲಲ್ಲ, ಬಂದ ಕಂತಿಗೊಂದು ಸಾಲು. A ಕಾಲಮ್ಮಿನಲ್ಲಿ ಬಿಲ್ ತಾರೀಖು, B ಯಲ್ಲಿ ಹಣ ಬಂದ ತಾರೀಖು, C ಯಲ್ಲಿ ಮೊತ್ತ. ಚೆಕ್ಕಾದರೆ ಅದರ ಮೇಲೆ ಬರೆದ ತಾರೀಖಲ್ಲ, ಖಾತೆಗೆ ಜಮೆಯಾದ ದಿನ ಬರೆಯಬೇಕು.

ಒಂದು ಗಿರಣಿಯ ಉದಾಹರಣೆ ನೋಡಿ. ಏಪ್ರಿಲ್ 1ರ ಬಿಲ್ ₹23,600, ಬಂದದ್ದು 15 ದಿನಕ್ಕೆ. ಏಪ್ರಿಲ್ 20ರ ₹35,400, 30 ದಿನಕ್ಕೆ. ಮೇ 10ರದ್ದು ದೊಡ್ಡ ಬಿಲ್, ₹1,77,000: ಅದರಲ್ಲಿ ₹59,000 ಜುಲೈ 9ಕ್ಕೆ, ಅಂದರೆ 60 ದಿನಕ್ಕೆ, ಉಳಿದ ₹1,18,000 ಆಗಸ್ಟ್ 8ಕ್ಕೆ, 90 ದಿನಕ್ಕೆ. ನಾಲ್ಕೂ ಕಂತಿನ ದಿನ ಕೂಡಿಸಿ ನಾಲ್ಕರಿಂದ ಭಾಗಿಸಿದರೆ ಸುಮಾರು 49 ದಿನ ಬರುತ್ತದೆ. ಇದು ನಂಬುವಂಥದ್ದಲ್ಲ, ಏಕೆಂದರೆ ತಡವಾಗಿದ್ದು ದೊಡ್ಡ ಮೊತ್ತವೇ. ಮೊತ್ತದ ತೂಕ ಕೊಟ್ಟು ತೆಗೆಯಬೇಕು:

```
=SUMPRODUCT(C2:C5, B2:B5-A2:A5)/SUM(C2:C5)
```

ಉತ್ತರ 66.

ಮಾಲು ಗೋಡೌನಿನಲ್ಲಿ ಸರಾಸರಿ 25 ದಿನ ಕೂರುತ್ತದೆ, ನಾವು ಕಂಪನಿಗೆ 30 ದಿನಕ್ಕೆ ಕೊಡುತ್ತೇವೆ ಎಂದುಕೊಳ್ಳಿ. 25 + 66 − 30, ಅಂದರೆ 61 ದಿನ ನಮ್ಮ ಕೈಯಿಂದಲೇ ಓಡಬೇಕು. ದಿನಕ್ಕೆ ₹10,000 ಅಸಲಿನ ಮಾಲು ಹೋಗುವ ಅಂಗಡಿಗೆ ಸುಮಾರು ₹6,10,000. 49 ದಿನ ಹಿಡಿದಿದ್ದರೆ ₹4,40,000 ಸಾಕೆನಿಸಿ, ಬ್ಯಾಂಕಿನಲ್ಲಿ ಓವರ್‌ಡ್ರಾಫ್ಟನ್ನು ₹1,70,000 ಕಡಿಮೆಗೇ ಕೇಳಿಬಿಡುತ್ತಿದ್ದೆವು. ಇದರ ಮೇಲೆ ಜಿಎಸ್‌ಟಿ ಬೇರೆ. ತಿಂಗಳ ರಿಟರ್ನ್ ಹಾಕುವವರು ಗಿರಣಿ ಹಣ ಕೊಡದಿದ್ದರೂ ಮುಂದಿನ ತಿಂಗಳ 20ರೊಳಗೆ ಕಟ್ಟಲೇಬೇಕು.

ಎಡವುವುದು ಬಾಕಿ ಉಳಿದ ಬಿಲ್ಲಿನಲ್ಲಿ. ಹಣ ಬಂದಿಲ್ಲವೆಂದು ಅದನ್ನು ಬಿಟ್ಟರೆ ಏನೂ ಕೊಡದೆ ಕೂತ ಪಾರ್ಟಿಯೇ ಚೊಕ್ಕ ಕಾಣುತ್ತದೆ. ಅಂಥ ಸಾಲಿಗೆ B ಯಲ್ಲಿ ತಿಂಗಳ ಕೊನೆಯ ತಾರೀಖು ಹಾಕಿ. ಹೀಗೆ ಬರುವ ದಿನಗಳ ಲೆಕ್ಕ ಕನಿಷ್ಠವೇ ಹೊರತು ಪೂರ್ತಿಯಲ್ಲ. `TODAY()` ಬೇಡ, ದಿನಾ ಅಂಕಿ ಬದಲಾಗಿ ಹಿಂದಿನ ತಿಂಗಳಿಗೆ ಹೋಲಿಸಲು ಬರುವುದಿಲ್ಲ. ಇನ್ನು ಗಿರಣಿಯವರು ಬಿಲ್ ನಂಬರ್ ಹೇಳದೆ ₹50,000 ಹಾಕಿದರೆ ಗುಮಾಸ್ತರನ್ನೇ ಕೇಳಿ. ತಿಳಿಯದಿದ್ದರೆ ಹಳೇ ಬಿಲ್ಲಿಗೆ ಮೊದಲು ಜಮೆ, ಎಲ್ಲ ಪಾರ್ಟಿಗೂ ಒಂದೇ ನಿಯಮ.

ಒಂದು ನಕ್ಷತ್ರ ಕಡಿತ ತಾರೀಖಿನ ಕಾಟಕ್ಕೆ. ಶೀಟಿನ Locale ಅಮೆರಿಕದ್ದಾಗಿದ್ದರೆ 05/04/2025 ಸದ್ದಿಲ್ಲದೆ ಮೇ 4 ಆಗುತ್ತದೆ. 25/04/2025 ತಾರೀಖೇ ಆಗದೆ ಎಡಕ್ಕೆ ಅಂಟಿ, ಸೂತ್ರ `#VALUE!` ಎನ್ನುತ್ತದೆ. ಎರಡನೆಯದು ಕಣ್ಣಿಗೆ ಬೀಳುತ್ತದೆ, ಮೊದಲನೆಯದು ಬೀಳುವುದಿಲ್ಲ. ಒಂದೂ ಸಾಲು ತುಂಬುವ ಮೊದಲೇ `File > Settings` ನಲ್ಲಿ India ಮಾಡಿಕೊಳ್ಳಿ, ಆಮೇಲೆ ಬದಲಿಸಿದರೆ ಆಗಲೇ ತಪ್ಪಾಗಿ ಕೂತ ತಾರೀಖು ಸರಿಹೋಗುವುದಿಲ್ಲ.